ಎರಡನೇ ಹಸುವಿನ ಹೊತ್ತಿಗೆ

ಚಳಿಗಾಲ ಮುಗಿಯುತ್ತಾ ಬಂದಿದ್ದರೂ ಚಳಿ ಮಾತ್ರ ಜಾಗ ಖಾಲಿ ಮಾಡಿರಲಿಲ್ಲ. ಬಯಲಿನ ಹುಲ್ಲೆಲ್ಲ ಇಬ್ಬನಿಗೆ ಬೆಳ್ಳಗಾಗಿತ್ತು. ಕೊಟ್ಟಿಗೆಯ ತಗಡಿನಿಂದ ತೊಟತೊಟನೆ ನೀರು ಬೀಳುತ್ತಿತ್ತು. ಒಳಗೆ ಕಪ್ಪು ಹಸು, ಕೆಂಪು ಹಸು ಎರಡೂ ಎದ್ದು ನಿಂತು, ಹೊಗೆಯಂತೆ ಉಸಿರು ಬಿಡುತ್ತಾ, ಬಾಗಿಲ ಕಡೆ ನೋಡುತ್ತಿದ್ದವು. ಬಾಗಿಲಿನಾಚೆ ಸೊಸೆ ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು.

ಆ ನೀರು ಹಸುಗಳ ಕೆಚ್ಚಲು ತೊಳೆಯಲು ಕಾಯಿಸಿದ್ದು. ಅದರಲ್ಲಿ ಕೈ ನೆನೆಸಿಕೊಂಡು ಕೂರುವುದನ್ನು ಅವಳು ಕಲಿತು ಎರಡು ತಿಂಗಳ ಮೇಲಾಗಿತ್ತು. ಮೊದಲೆಲ್ಲ ಐದೂಕಾಲಿಗೆ ಏಳುತ್ತಿದ್ದವಳು ಈಗ ನಾಲ್ಕೂವರೆಗೇ ಏಳುತ್ತಿದ್ದಳು, ಕೈ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು ಅಂತ. ಎದ್ದ ತಕ್ಷಣ ಬೆರಳುಗಳು ಯಾರದೋ ಬೆರಳುಗಳಂತೆ ಇರುತ್ತಿದ್ದವು. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡು, ಗೆಣ್ಣಿನ ನಡುವಿನ ತಗ್ಗುಗಳೇ ತುಂಬಿಹೋಗಿದ್ದವು. ಮದುವೆಯ ಉಂಗುರವನ್ನು ಸೋಪು ಹಚ್ಚಿ ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದಳು. ಗಂಡ ಅದನ್ನು ಗಮನಿಸಿರಲಿಲ್ಲ. ಅವನು ಕಟಾವು ಯಂತ್ರ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದು ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ. ಅವನು ಕೆಚ್ಚಲಿಗೆ ಕೈ ಇಟ್ಟರೆ ಎರಡೂ ಹಸುಗಳು ಒದೆಯುತ್ತಿದ್ದವು.

"ಸ್ನಾನ ಆಯ್ತಾ ಬೆರಳುಗಳಿಗೆ?" ಒಳಗಿನಿಂದ ಅತ್ತೆಯ ದನಿ ಬಂತು. "ಮೈಗೊಂದಿಷ್ಟು ಎಣ್ಣೇನೂ ಹಚ್ಕೊಂಡ್ಬಿಡು, ಬಾಣಂತಿ ಥರ."

"ಬಂದೆ ಅತ್ತೆ."

"ನೀನು ಬರ್ತೀಯ. ಹಸು ಕಾಯಬೇಕಲ್ಲ."

ಹಸು ಕಾಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಕೆಚ್ಚಲು ತೊಳೆದು ಒರೆಸಿದ ಮೇಲೆ ಐದಾರು ನಿಮಿಷ ಅದು ಹಾಲು ಇಳಿಸುತ್ತದೆ. ಅಷ್ಟರಲ್ಲಿ ಕರೆದರೆ ಕರೆದ ಹಾಗೆ. ಇಲ್ಲದಿದ್ದರೆ ಉಳಿದದ್ದನ್ನು ಮೇಲಕ್ಕೆ ಏರಿಸಿಕೊಂಡುಬಿಡುತ್ತದೆ. ಅದರಲ್ಲೂ ಕಪ್ಪು ಹಸುವಿನ ತೊಟ್ಟು ಬಿಗಿ, ಬುದ್ಧಿ ಇನ್ನೂ ಬಿಗಿ. ಸಹನೆಯಿಲ್ಲದ ಹಸುವೆಂದು ಅದನ್ನೇ ಮೊದಲು ಕರೆಯುವುದು ಆ ಕೊಟ್ಟಿಗೆಯ ರೂಢಿ. ಸೊಸೆಯ ಬೆರಳು ಅತ್ಯಂತ ಹಟ ಮಾಡುವ ಹೊತ್ತಿಗೇ ಅತ್ಯಂತ ಹಟಮಾರಿ ಹಸು ಎದುರಿಗಿರುತ್ತಿತ್ತು. ಅರ್ಧ ಬಕೆಟ್ಟು ಆಗುವಷ್ಟರಲ್ಲಿ ಅದು ಬಾಲ ಬೀಸಿ ಪಕ್ಕಕ್ಕೆ ಸರಿಯುತ್ತಿತ್ತು. ಕೆಂಪು ಹಸುವಿನ ಹತ್ತಿರ ಕೂರುವ ಹೊತ್ತಿಗೆ ಮಾತ್ರ ಬೆರಳುಗಳು ಒಂದೊಂದಾಗಿ ಒಪ್ಪಿಕೊಳ್ಳುತ್ತಿದ್ದವು. ಹಾಲಿನ ಧಾರೆ ಚರ್ ಚರ್ ಎಂದು ಮೊದಲಿನ ಹಾಗೆ ಬೀಳತೊಡಗುತ್ತಿತ್ತು.

ಅತ್ತೆ ಅದನ್ನು ಕಂಬಕ್ಕೊರಗಿ ನಿಂತು ನೋಡುತ್ತಿದ್ದಳು.

"ನೋಡು, ಎರಡನೇ ಹಸು ಹೊತ್ತಿಗೆ ಸರಿಹೋಯ್ತು. ಕೆಲಸ ಮಾಡಿದ್ರೆ ಹೋಗೋ ನೋವು ನೋವಲ್ಲ ಕಣೇ, ಸೋಮಾರಿತನ. ಇಲ್ನೋಡು ನನ್ನ ಕೈ." ಅತ್ತೆ ತನ್ನ ಕೈಗಳನ್ನು ಲಾಂದ್ರದ ಬೆಳಕಿಗೆ ಚಾಚಿದಳು. ಬೆರಳ ತುದಿಯ ಗೆಣ್ಣುಗಳಲ್ಲಿ ಬಟಾಣಿ ಕಾಳಿನಂಥ ಗಂಟುಗಳು. ಹೆಬ್ಬೆರಳಿನ ಬುಡ ಮೂಲೆ ಎದ್ದು ಚೌಕವಾಗಿತ್ತು. "ನಲವತ್ತು ವರ್ಷ ಕರೆದಿದ್ದೀನಿ. ಕೆಲಸ ಮಾಡಿದಷ್ಟೂ ನೋವು ಜಾಸ್ತಿ. ಆದ್ರೂ ಒಂದಿನ ಬಿಟ್ಟೆನಾ? ದುಡಿದ ಕೈ ಅಂದ್ರೆ ಹೀಗೆ ಆಗುತ್ತೆ. ನಿಂಗೆ ಮೂವತ್ತೊಂಬತ್ತಕ್ಕೇ ಶುರುವಾಯ್ತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಸೊಸೆ ಹಾಲನ್ನು ಕ್ಯಾನಿಗೆ ಸುರಿದಳು. ಅತ್ತೆ ಕೆಟ್ಟವಳೆಂದು ಅವಳಿಗೆ ಅನ್ನಿಸಿದ್ದಿಲ್ಲ. ತನ್ನ ಮುಲಾಮಿನ ಡಬ್ಬಿಯನ್ನು ತಾನೇ ತಂದುಕೊಟ್ಟಿದ್ದಳು; ಅಂಗಡಿಯಿಂದ ತನಗೆಂದು ತರಿಸಿಕೊಳ್ಳುವ ನೋವಿನ ಮಾತ್ರೆಯಲ್ಲಿ ಅರ್ಧ ಕೊಡುತ್ತಿದ್ದಳು. ತನ್ನ ನೋವೇ ಸೊಸೆಗೂ ಬಂದಿದೆ ಎಂದು ಅವಳು ನಂಬಿದ್ದಳು. ತಾನು ತಡೆದುಕೊಂಡದ್ದನ್ನು ಇವಳೇಕೆ ತಡೆದುಕೊಳ್ಳಲಾರಳು ಎನ್ನುವುದು ಅವಳ ಲೆಕ್ಕ.

ಆದರೆ ಕಳೆದ ವಾರ ಕಪ್ಪು ಹಸುವಿನ ಹಿಂದಿನ ಬಲ ತೊಟ್ಟಿನ ಮೇಲೆ ಬಾವು ಬಂದಿತ್ತು. ಪೂರ್ತಿ ಕರೆಯದೆ ಹಾಲು ಒಳಗೇ ಉಳಿದು ಬರುವ ಬಾವು. ಔಷಧಿ ಏರಿಸಿ, ದಿನಕ್ಕೆ ನಾಲ್ಕು ಸಲ ಹಿಂಡಿ ಹಿಂಡಿ ಇಳಿಸಿದ್ದರು. ಗಂಡ ಫೋನಿನಲ್ಲಿ, "ಕೈಲಾಗದಿದ್ರೆ ಎರಡನ್ನೂ ಕೊಟ್ಟುಬಿಡೋಣ," ಅಂದಿದ್ದ. ಬೇಸರದಿಂದಲೂ ಅಲ್ಲ, ಸುಮ್ಮನೆ, ಹಳೆಯ ಕುರ್ಚಿಯ ಮಾತಾಡಿದ ಹಾಗೆ. ಅಂದಿನಿಂದ ಸೊಸೆಗೆ ರಾತ್ರಿ ಮಲಗುವಾಗ ಬೆಳಗಿನದೇ ಭಯ. ಹಸು ಹೋದರೆ ಹೋಗಲಿ, ಮತ್ತೊಂದು ಬಂದೀತು. ಈ ಕೈಗಳು ಹೋದರೆ?

ಹಾಲು ಕೇಂದ್ರ ಏಳಕ್ಕೆ ಮುಚ್ಚುತ್ತಿತ್ತು. ಹಾಲಿನ ವ್ಯಾನು ಏಳೂ ಐದಕ್ಕೆ ಹೊರಡುತ್ತಿತ್ತು. ಅಲ್ಲಿ ಹಾಲು ಅಳೆಯುವವನಿಗೆ ಊರೆಲ್ಲ ಗಡಿಯಾರ ಎಂದೇ ಹೆಸರಿಟ್ಟಿತ್ತು. ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅಂದು ಸೊಸೆ ಕ್ಯಾನು ಹೊತ್ತು ಬಂದಾಗ ಆರೂ ಐವತ್ತೆಂಟು. ಬೇರೆ ಯಾರೂ ಇರಲಿಲ್ಲ. ಅವಳು ಕೇಳುವ ಮೊದಲೇ ಗಡಿಯಾರ ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದ.

"ನಾನೇ ತೆಗೀತಿದ್ನಲ್ಲಣ್ಣ."

"ನೀನು ತೆಗೆದು ಎರಡು ತಿಂಗಳಾಯ್ತು ತಂಗಿ. ಬಂದವಳೇ ಮುಚ್ಚಳ ನನ್ನ ಕಡೆ ತಿರುಗಿಸಿ ಇಡ್ತೀಯ, ನಾನು ತೆಗೀತೀನಿ. ನಿಂಗೇ ಗೊತ್ತಿಲ್ಲ."

ಸೊಸೆ ಮುಚ್ಚಳವನ್ನು ನೋಡಿದಳು. ಯಂತ್ರ ಕಿರ್ ಎಂದು ಚೀಟಿ ಹೊರಹಾಕಿತು. ಹಾಲಿನ ತೂಕ, ಕೊಬ್ಬು, ಕೆಳಗೆ ಸಣ್ಣಗೆ ತಾರೀಖು, ಹೊತ್ತು. ಗಡಿಯಾರ ಅದನ್ನು ಅವಳ ಕೈಗೆ ಕೊಡದೆ ಕ್ಯಾನಿನ ಹಿಡಿಗೆ ಸಿಕ್ಕಿಸಿದ, ಎಂದಿನಂತೆ.

"ಈ ಚೀಟಿಗಳನ್ನ ಏನು ಮಾಡ್ತೀಯ?"

"ರಬ್ಬರ್ ಬ್ಯಾಂಡ್ ಹಾಕಿ ಡಬ್ಬೀಲಿ ಇಡ್ತೀನಿ. ಅತ್ತೆ ಎಸೆಯೋಕೆ ಬಿಡಲ್ಲ."

"ಒಳ್ಳೇದಾಯ್ತು. ಪೇಟೆ ಆಸ್ಪತ್ರೇಲಿ ಬುಧವಾರ ಬುಧವಾರ ಕೀಲುಗಳಿಗೇ ಅಂತ ಒಬ್ಬರು ಡಾಕ್ಟರಮ್ಮ ಕೂರ್ತಾರೆ. ನನ್ನ ತಂಗಿ ಹೋಗ್ತಾಳೆ. ಅವರು ಯಾವಾಗಿಂದ ನೋವು, ಎಷ್ಟೊತ್ತು ಇರುತ್ತೆ ಅಂತ ಕೇಳ್ತಾರೆ. ನೀನು 'ಇತ್ತೀಚೆಗೆ', 'ಒಂಚೂರು' ಅಂತೀಯ, ನಂಗೊತ್ತು. ಆ ಕಟ್ಟು ತಗೊಂಡು ಹೋಗು. ನನ್ನ ಯಂತ್ರ ನಾಚಿಕೊಳ್ಳಲ್ಲ."

ಬುಧವಾರ ಅತ್ತೆಯೂ ಹೊರಟಳು. "ಇಬ್ಬರ ಕೈಗೂ ಒಂದೇ ಚೀಟಿ ಬರೆಸಿ ನಂದೂ ತೋರಿಸಿಬಿಡೋದು. ಕಾಯಿಲೆ ಒಂದೇ ತಾನೆ," ಎಂದು ಒಳ್ಳೆಯ ಬಟ್ಟೆ ಉಟ್ಟು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಬಸ್ಸು ಹತ್ತಲು ಬಾಗಿಲ ಹಿಡಿಗೆ ಸೊಸೆ ಅಂಗೈ ಬಳಸದೆ ಮೊಣಕೈ ಸಿಕ್ಕಿಸಿದ್ದನ್ನು ಅತ್ತೆ ನೋಡಿದಳು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬೆಂಚುಗಳು ತುಂಬಿದ್ದವು. ಎಲ್ಲರೂ ತಮ್ಮ ತಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಂಟರ ಮಕ್ಕಳನ್ನು ಕೂರಿಸಿಕೊಂಡವರಂತೆ ಕೂತಿದ್ದರು. ಎದುರಿಗೆ ಒಬ್ಬ ಮುದುಕಿಯ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ, ಗಾಳಿಗೆ ವಾಲಿದ ಪೈರಿನಂತೆ, ಒಟ್ಟಿಗೆ ವಾಲಿದ್ದವು. ಅತ್ತೆ ಅದನ್ನು ಬಹಳ ಹೊತ್ತು ನೋಡಿದಳು.

"ನಮ್ಮ ದೊಡ್ಡ ಓರಗಿತ್ತಿ ಕೈ ಹೀಗೇ ಇತ್ತು," ಅಂದಳು ಮೆಲ್ಲಗೆ. "ಕೊನೆಗೆ ನಾನೇ ಊಟ ಮಾಡಿಸ್ತಿದ್ದೆ. ಎಲ್ಲಾ ದುಡಿದ ಕೈ, ದುಡಿದ ಕೈ ಅಂತಿದ್ರು."

ಡಾಕ್ಟರಮ್ಮ ಸಣ್ಣ ಆಳು, ಕನ್ನಡಕ ತಲೆಯ ಮೇಲೆ. ಮೊದಲು ಕೈಗಳನ್ನು ನೋಡಲಿಲ್ಲ. "ಬೆಳಗ್ಗೆ ಎದ್ದ ಮೇಲೆ ಬೆರಳು ಸಲೀಸಾಗೋಕೆ ಎಷ್ಟೊತ್ತು ಬೇಕಮ್ಮ?"

"ಒಂಚೂರು ಹೊತ್ತು," ಅಂದಳು ಸೊಸೆ.

"ಒಂಚೂರು ಅಂದ್ರೆ?"

ಅತ್ತೆ ಬಾಯಿ ಹಾಕಿದಳು. "ಎರಡನೇ ಹಸು ಹೊತ್ತಿಗೆ ಎಲ್ಲಾ ಸರಿಹೋಗುತ್ತೆ ಡಾಕ್ಟ್ರೇ. ಕೆಲಸಕ್ಕೆ ಕೂತ್ರೆ ನೋವು ಇಲ್ಲ. ನಂಗಾದ್ರೆ ಕೆಲಸ ಮಾಡಿದ್ರೇ ನೋವು."

ಡಾಕ್ಟರಮ್ಮ ಕನ್ನಡಕ ಇಳಿಸಿಕೊಂಡರು. "ಇನ್ನೊಂದ್ಸಲ ಹೇಳಿ ಅಜ್ಜಿ."

ಅತ್ತೆ ಇನ್ನೊಮ್ಮೆ ಹೇಳಿದಳು, ಮೊದಲಿನಷ್ಟು ಜೋರಾಗಿ ಅಲ್ಲ. ಮನೆಯಲ್ಲಿ ಎಸೆದ ಮಾತನ್ನು ಇಲ್ಲಿ ಯಾರೋ ಎತ್ತಿಕೊಂಡು ಒರೆಸಿ ನೋಡುತ್ತಿದ್ದಾರೆ ಅನ್ನಿಸಿತು ಅವಳಿಗೆ.

"ಎಷ್ಟೊತ್ತಿಗೆ ಏಳ್ತೀರಿ? ಎರಡನೇ ಹಸು ಎಷ್ಟೊತ್ತಿಗೆ?"

"ನಾಲ್ಕೂವರೆ. ಎರಡನೇದು ಆರು, ಆರೂಕಾಲು." ಸೊಸೆ ಚೀಲದಿಂದ ಚೀಟಿಗಳ ಕಟ್ಟು ತೆಗೆದಳು. ರಬ್ಬರ್ ಬ್ಯಾಂಡು ಬಿಡಿಸಲಾಗದೆ ಒದ್ದಾಡಿದಳು, ಡಾಕ್ಟರಮ್ಮನೇ ಬಿಡಿಸಿದರು. ಮೇಜಿನ ಮೇಲೆ ಹರಡಿದರು. ಮೂರು ತಿಂಗಳ ಹಿಂದೆ ಬೆಳಗಿನ ಚೀಟಿಗಳಲ್ಲಿ ಆರೂ ಹತ್ತು, ಆರೂ ಎಂಟು, ಆರೂ ಹನ್ನೊಂದು. ಹತ್ತು ವಾರದ ಹಿಂದಿನಿಂದ ಆರೂ ಇಪ್ಪತ್ತೈದು. ಆಮೇಲೆ ಆರೂ ನಲವತ್ತು. ಈಗ ಐವತ್ತೆಂಟು. ನಾಲ್ಕೂವರೆಗೆ ಎದ್ದೂ ಐವತ್ತೆಂಟು.

"ಇವೇನು, ಬೇರೆ ಕಟ್ಟು?"

"ಸಂಜೇವು."

ಸಂಜೆಯ ಚೀಟಿಗಳೆಲ್ಲ ಐದೂ ನಲವತ್ತರ ಆಸುಪಾಸು. ಮೂರು ತಿಂಗಳಲ್ಲಿ ಒಂದೂ ಅಲುಗಿರಲಿಲ್ಲ.

ಡಾಕ್ಟರಮ್ಮ ನಕ್ಕರು. "ಹದಿನಾರು ವರ್ಷದಿಂದ ಎಲ್ಲರನ್ನೂ ಈ ಪ್ರಶ್ನೆ ಕೇಳ್ತಿದ್ದೀನಿ. ಅಚ್ಚು ಹಾಕಿಸಿಕೊಂಡು ಉತ್ತರ ತಂದವರು ನೀವೇ ಮೊದಲು." ಆಮೇಲೆ ಅತ್ತೆಯ ಕಡೆ ತಿರುಗಿ, "ಸೋಮಾರಿತನ ಅಂತ ಏನಾದ್ರೂ ಅಂದ್ರಾ ಅಜ್ಜಿ?" ಎಂದು ಕೇಳಿದರು.

ಅತ್ತೆ ಗೋಡೆಯ ಮೇಲಿನ ಮೂಳೆಯ ಚಿತ್ರ ನೋಡಿದಳು.

"ಸೋಮಾರಿತನ ಸಂಜೇನೂ ಇರುತ್ತೆ," ಅಂದರು ಡಾಕ್ಟರಮ್ಮ. "ಬನ್ನಿ ಹತ್ತಿರ. ನೀವೇ ಒತ್ತಿ ನೋಡಿ. ಮೊದಲು ನಿಮ್ಮ ಗಂಟು."

ಅತ್ತೆ ತನ್ನ ತೋರುಬೆರಳ ತುದಿಯ ಗಂಟನ್ನು ಒತ್ತಿದಳು. "ಕಲ್ಲು. ಯಾವಾಗ್ಲೂ ಹೀಗೇ."

"ಈಗ ಸೊಸೆಯ ಬೆರಳಿನ ಬುಡ. ಮೆತ್ತಗೆ."

ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಸೊಸೆಯ ಕೈ ಹಿಡಿದದ್ದು ಕಡಿಮೆ. ಮುಲಾಮಿನ ಡಬ್ಬಿ ಕೊಟ್ಟಿದ್ದಳು, ಹಚ್ಚಿರಲಿಲ್ಲ. ಈಗ ಹೆಬ್ಬೆರಳಿಂದ ಊದಿದ ಗೆಣ್ಣನ್ನು ಮೆಲ್ಲಗೆ ಒತ್ತಿದಳು, ಬಿಟ್ಟಳು, ಪಕ್ಕದ್ದನ್ನು ಒತ್ತಿದಳು. ಆಮೇಲೆ ಬೆರಳಿನ ಹಿಂಬದಿಯನ್ನು ಆ ಗೆಣ್ಣಿನ ಮೇಲೆ ಸವರಿ ಹಾಗೇ ಇಟ್ಟುಕೊಂಡಳು. ಕೆಚ್ಚಲು ನೋಡುವಾಗ ಅವಳು ಮಾಡುವುದೇ ಹಾಗೆ. ನಲವತ್ತು ವರ್ಷದ ಕೈ. ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ಬಿಸಿ ಇದೆ," ಅಂದಳು. "ಮೆತ್ತಗೂ ಇದೆ. ಒಳಗೆ ಏನೋ ತುಂಬಿಕೊಂಡಿದೆ. ಇದು ಗಂಟಲ್ಲ ಡಾಕ್ಟ್ರೇ, ಬಾವು."

"ಎರಡು ಕೈಗೂ?"

ಅತ್ತೆ ಇನ್ನೊಂದು ಕೈ ಹಿಡಿದಳು. "ಎರಡಕ್ಕೂ. ಅದದೇ ಜಾಗದಲ್ಲಿ." ಹಿಡಿದ ಕೈ ಬಿಡದೆ, "ಕರುವಿನ ಮೊಣಕಾಲಲ್ಲಿ ಹೀಗೆ ಸಿಕ್ಕಿದ್ರೆ ನಾನು ಆವತ್ತೇ ದನದ ಡಾಕ್ಟ್ರನ್ನ ಕರೆಸ್ತಿದ್ದೆ," ಅಂದಳು.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಕೈ ಬರೆದು ತೋರಿಸಿದರು. ಅತ್ತೆಯದು ಸವೆತ: ಬೆರಳ ತುದಿ, ಹೆಬ್ಬೆರಳ ಬುಡ, ಎದ್ದಾಗ ಹತ್ತು ಹದಿನೈದು ನಿಮಿಷ ಬಿಗಿ, ಆಮೇಲೆ ಕೆಲಸ ಮಾಡಿದಷ್ಟೂ ನೋವು. ಸೊಸೆಯದು ಉರಿಯೂತದ ಹಾಗೆ ಕಾಣುತ್ತದೆ: ಬೆರಳ ಬುಡ, ನಡುಗೆಣ್ಣು, ಮಣಿಕಟ್ಟು, ಎರಡೂ ಕಡೆ, ಗಂಟೆಗಟ್ಟಲೆ ಬಿಗಿ, ಆಡಿಸಿದಷ್ಟೂ ಸಲೀಸು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬಿದ್ದಿರುತ್ತದೆ. ದುಡಿದದ್ದಕ್ಕೆ ಬರುವುದಲ್ಲ, ದುಡಿದು ಓಡಿಸುವುದೂ ಅಲ್ಲ.

"ಬೇರೆ ಏನೂ ಅಲ್ಲ ಅಂತ ಮೊದಲು ನೋಡ್ಕೋಬೇಕು. ಈಚೆಗೆ ಜ್ವರ, ಮೈಮೇಲೆ ಗುಳ್ಳೆ? ಯಾವುದಾದ್ರೂ ಹಸುವಿನ ಗರ್ಭ ಬಿದ್ದಿತ್ತಾ? ಹಸಿ ಹಾಲು ಕುಡೀತೀರಾ?"

ಯಾವುದೂ ಇಲ್ಲವೆಂದಳು ಸೊಸೆ. ಆದರೂ ಹಸುವಿನಿಂದ ಅಂಟುವ ಜ್ವರದ ರಕ್ತಪರೀಕ್ಷೆಯನ್ನೂ ಬರೆದರು. ಹಸು ಕಟ್ಟಿದವರಿಗೆ ಅವರು ಅದನ್ನು ಬಿಡುತ್ತಿರಲಿಲ್ಲವಂತೆ. ಕೈಗೂ ಪಾದಕ್ಕೂ ಎಕ್ಸ್‌ರೇ ತೆಗೆಸಿದರು. ಪಾದದ ಮುಂಭಾಗವನ್ನು ಅಡ್ಡಲಾಗಿ ಹಿಡಿದು ಹಿಂಡಿದಾಗ ಸೊಸೆ ಅಮ್ಮಾ ಎಂದಳು. ಅಲ್ಲಿಯೂ ನೋವಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಚಪ್ಪಲಿ ಗಟ್ಟಿಯಾಗಿದೆ ಅಂದುಕೊಂಡಿದ್ದಳು.

"ಅಂಗಡಿ ಮಾತ್ರೆ ಹಂಚಿಕೊಂಡು ತಿನ್ನೋದು ಇವತ್ತಿಗೆ ಸಾಕು, ಇಬ್ಬರಿಗೂ," ಅಂದರು ಡಾಕ್ಟರಮ್ಮ.

ಮುಂದಿನ ಬುಧವಾರ ರಿಪೋರ್ಟು ಬಂತು. ಉರಿಯೂತವೇ. ಸಂಧಿವಾತದಲ್ಲೇ ಕೀಲು ತಿನ್ನುವ ಜಾತಿ. ರಕ್ತ ಹೌದೆಂದಿತ್ತು, ಹಸುವಿನ ಸೋಂಕು ಇಲ್ಲವೆಂದೂ ಹೇಳಿತ್ತು. ಆದರೆ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು: ಮೂಳೆಯ ಅಂಚುಗಳು ನಯವಾಗಿದ್ದವು, ಎಲ್ಲೂ ಇಲಿ ಕಡಿದಂತೆ ಆಗಿರಲಿಲ್ಲ.

"ಮೂರು ತಿಂಗಳಿಗೇ ಬಂದಿದ್ದೀರಿ. ಬಹಳ ಜನ ಎರಡು ವರ್ಷ ಮುಲಾಮು ಹಚ್ಚಿ ಬರ್ತಾರೆ."

ಸೊಸೆ ಆ ಬಿಳಿ ಮೂಳೆಗಳನ್ನು ನೋಡುತ್ತಾ ನಿಂತಳು. ಎಂಟು ಬೆರಳು, ಎರಡು ಹೆಬ್ಬೆರಳು, ಎಲ್ಲ ನೆಟ್ಟಗೆ. ಕಣ್ಣು ತುಂಬಿಬಂತು. ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಕ್ಸ್‌ರೇಗೇ ಮುಗಿದಳು. ಪೂರ್ತಿ ಜೋಡಿಸಲಾಗದ ಅಂಗೈಗಳು.

ಔಷಧಿ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ವಿಷ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು, ಚೀಟಿಯ ಮೇಲೆ ಭಾನುವಾರ ಎಂದು ಬರೆದು ಎರಡು ಗೆರೆ ಎಳೆದರು. ಬೇರೊಂದು ದಿನಕ್ಕೆ ಇನ್ನೊಂದು ಸಣ್ಣ ಮಾತ್ರೆ. ಬಸುರಿಯಾಗುವ ಹಾಗಿಲ್ಲ ಅಂದಾಗ, "ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದಾರೆ, ಆಪರೇಶನ್ ಆಗಿ ಹನ್ನೆರಡು ವರ್ಷ ಆಯ್ತು," ಎಂದು ಸೊಸೆ ನಾಚಿದಳು. ಆಗಾಗ ರಕ್ತ ಕೊಡಬೇಕು. ಮೊದಲ ಕೆಲವು ವಾರ ಬಾವು ತಗ್ಗಿಸಲು ಬೇರೆ ಮಾತ್ರೆ, ಇಳಿಸುತ್ತಾ ನಿಲ್ಲಿಸುವುದು. ಭಾನುವಾರದ ಮುಖ್ಯ ಮಾತ್ರೆ ಕೆಲಸ ಶುರುಮಾಡಲು ಎಂಟು ಹತ್ತು ವಾರ, ಇನ್ನೂ ಹೆಚ್ಚೂ ಆದೀತು.

"ಅಲ್ಲೀವರೆಗೆ ಕರೆಯೋದು?" ಸೊಸೆ ಕೇಳಿದಳು.

"ಬೆರಳು ಆಡಿಸ್ತಾ ಇರಿ. ಆದ್ರೆ ಬಾವು ಇರೋವಾಗ ಬಿಗಿ ತೊಟ್ಟು ಹಿಂಡೋದು ಬೇಡ. ಬೇರೆ ಯಾರಾದ್ರೂ ಇದ್ದಾರಾ?"

ಸೊಸೆ ಇಲ್ಲ ಅನ್ನಲು ಬಾಯಿ ತೆರೆದಿದ್ದಳು.

"ಇದ್ದೀನಲ್ಲ," ಅಂದಳು ಅತ್ತೆ.

"ನಿಮಗೂ ಒಳ್ಳೇದಲ್ಲ ಅಜ್ಜಿ. ಸವೆದ ಕೀಲಿಗೆ ಕೆಲಸ ಹೆಚ್ಚಾದಷ್ಟೂ ನೋವು."

"ಗೊತ್ತು ಬಿಡಿ. ನಂದು ಆಗಲೇ ಸವೆದಿದೆ, ಅವಳದು ಇನ್ನೂ ಹೊಸದು. ಮನೇಲಿ ಎರಡು ಪಾತ್ರೆ ಇದ್ರೆ ಹಳೇದನ್ನೇ ತಾನೆ ಒಲೆ ಮೇಲಿಡೋದು."

ಡಾಕ್ಟರಮ್ಮ ಹೆಬ್ಬೆರಳಿಗೆ ಹಾಕಿಕೊಳ್ಳಲು ಒಂದು ಪಟ್ಟಿ ಬರೆದುಕೊಟ್ಟರು. ಕರೆದ ಮೇಲೆ ಬಿಸಿನೀರು, ವಿಶ್ರಾಂತಿ ಎಂದೂ ಹೇಳಿದರು. ಅತ್ತೆ ವಿಶ್ರಾಂತಿಗೆ ಮಾತ್ರ ನಕ್ಕಳು.

ಅಂದಿನಿಂದ ನಾಲ್ಕೂವರೆಗೆ ಬಿಸಿನೀರಿನ ಬಕೆಟ್ಟಿನ ಮುಂದೆ ಇಬ್ಬರು ಕೂರತೊಡಗಿದರು. ಅತ್ತೆಯ ಕೈ ಕಾಲು ಗಂಟೆಗೆ ಸಜ್ಜಾಗುತ್ತಿತ್ತು. ಅವಳು ಎದ್ದುಹೋಗಿ ಕಪ್ಪು ಹಸುವಿನ ಪಕ್ಕ ಕೂರುತ್ತಿದ್ದಳು. ಹಳೆಯ ಕೈ ಗುರುತು ಸಿಕ್ಕಿ ಹಸು ಕಿವಿ ಆಡಿಸಿ ಸುಮ್ಮನೆ ಹಾಲಿಳಿಸುತ್ತಿತ್ತು. ಆದರೆ ಎರಡನೇ ಹಸುವಿನ ಹೊತ್ತಿಗೆ ಅತ್ತೆಯ ತುಟಿ ಬಿಗಿಯುತ್ತಿತ್ತು. ಸೊಸೆ ಸಗಣಿ ಬಾಚುತ್ತಾ ಅದನ್ನು ನೋಡುತ್ತಿದ್ದಳು. ಒಂದು ಹಸುವಿನ ಅಂತರದಲ್ಲಿ ಇಬ್ಬರ ನೋವು ಅದಲುಬದಲಾಗುತ್ತಿತ್ತು: ಇವಳ ಕೈ ಬಿಚ್ಚಿಕೊಳ್ಳುವಾಗ ಅವಳದು ಮುಚ್ಚಿಕೊಳ್ಳುತ್ತಿತ್ತು.

"ಕೆಂಪೀನ ನಾನು ಕರೀತೀನಿ ಅತ್ತೆ, ಈಗ ಸಲೀಸಾಗಿದೆ."

"ಡಾಕ್ಟ್ರು ಏನಂದ್ರು? ಬಾವು ಇಳಿಯಲಿ. ಸಗಣಿ ಬಾಚು. ಅದೂ ಒಂದು ವಿದ್ಯೇನೇ."

ಭಾನುವಾರದ ಮಾತ್ರೆಯನ್ನು ಅತ್ತೆ ತನ್ನ ಡಬ್ಬಿಯಲ್ಲಿ ಬೀಗ ಹಾಕಿಟ್ಟು, ಅಂದಂದೇ ಎಣಿಸಿ ಕೊಡುತ್ತಿದ್ದಳು. ಕ್ಯಾಲೆಂಡರಿನಲ್ಲಿ ಹಸು ಬೆದೆಗೆ ಬಂದ ದಿನದ ಪಕ್ಕದಲ್ಲೇ ಸೊಸೆ ಮಾತ್ರೆ ನುಂಗಿದ ದಿನಕ್ಕೂ ಒಂದು ಸೊನ್ನೆ. ಮೊದಲೆರಡು ವಾರ ಮಾತ್ರೆಯ ಮರುದಿನ ಸೊಸೆಗೆ ವಾಕರಿಕೆ ಬಂತು. ಅತ್ತೆ ಎಲ್ಲರೆದುರು ಡಾಕ್ಟರಮ್ಮನನ್ನು ಬೈದು, ಸೊಸೆಗೆ ಮಾತ್ರ, "ಬಿಡಬೇಡ," ಅಂದಳು. ಗಂಡ ಬಂದಾಗ ಕೊಟ್ಟಿಗೆಯಲ್ಲಿ ತಾಯಿಯನ್ನು ಕಂಡು, "ಇದೇನಮ್ಮ, ಮತ್ತೆ ಕೆಲಸಕ್ಕೆ ಸೇರಿದ್ಯಾ?" ಎಂದ. "ನಿನ್ನ ಹೆಂಡ್ತಿ ಕೈ ನೆಟ್ಟಗಿರಬೇಕಾದ್ರೆ ಸುಮ್ನೆ ಹುಲ್ಲು ಹಾಕು," ಅಂದಳು ತಾಯಿ. ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಏಳನೇ ವಾರ ಒಂದು ಬೆಳಗ್ಗೆ ಸೊಸೆ ನಿದ್ದೆಗಣ್ಣಲ್ಲಿ ಹೊದಿಕೆ ಮಡಿಸಿ ಇಟ್ಟುಬಿಟ್ಟಳು. ಬಾಗಿಲ ಹತ್ತಿರ ಹೋದ ಮೇಲೆ ಗೊತ್ತಾಯಿತು, ಮಡಿಸಿದ್ದು ಬೆರಳುಗಳಿಂದಲೇ ಎಂದು. ಹತ್ತನೇ ವಾರಕ್ಕೆ ಬಿಗಿ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಗೆಣ್ಣುಗಳ ನಡುವೆ ತಗ್ಗುಗಳು ಮರಳಿ ಬಂದವು. ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ, "ಮೆಲ್ಲಗೆ ಶುರುಮಾಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ, ಇದು ಬೂದಿ ಮುಚ್ಚಿದ ಕೆಂಡ," ಅಂದರು.

ಹನ್ನೆರಡನೇ ವಾರ ಸೊಸೆ ಎರಡೂ ಹಸುಗಳನ್ನು ಕರೆದಳು. ಚಳಿ ಹೋಗಿ ಬಿಸಿಲ ದಿನಗಳು ಬಂದಿದ್ದವು; ಕೊಟ್ಟಿಗೆಯ ತಗಡು ಒಣಗಿ, ಮಧ್ಯಾಹ್ನವೆಲ್ಲ ಟಪ್ ಟಪ್ ಎಂದು ಸಿಡಿಯುತ್ತಿತ್ತು. ಕ್ಯಾನು ಹಿಡಿದು ಹೊರಟಾಗ ಅತ್ತೆ, ಹೆಬ್ಬೆರಳಿಗೆ ಪಟ್ಟಿ ಬಿಗಿದುಕೊಂಡು, ತಾನೂ ಬರುತ್ತೇನೆಂದು ಹಿಂದೆ ಬಂದಳು. ಕೇಂದ್ರದಲ್ಲಿ ಹತ್ತು ಹನ್ನೆರಡು ಜನರ ಸಾಲಿತ್ತು. ಸಾಲು ಕರಗಿದ ಮೇಲೇ ಬರುತ್ತಿದ್ದ ಸೊಸೆಗೆ ಅವರನ್ನೆಲ್ಲ ನೋಡಿ ಎಷ್ಟೋ ದಿನವಾಗಿತ್ತು.

ಗಡಿಯಾರ ಅಭ್ಯಾಸಬಲದಿಂದ ಮುಚ್ಚಳಕ್ಕೆ ಕೈ ಹಾಕಿದ. ಸೊಸೆ ಕ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ತಾನೇ ತೆಗೆದಳು. ಅವನು ಒಂದು ಕ್ಷಣ ಕೈ ಗಾಳಿಯಲ್ಲೇ ಇಟ್ಟುಕೊಂಡಿದ್ದು, ಕಿವಿ ಕೆರೆದುಕೊಂಡ. ಚೀಟಿ ಬಂತು. ಆರೂ ಒಂಬತ್ತು.

"ನಿನ್ನ ಯಂತ್ರಕ್ಕೆ ಏನು ಕೊಡ್ಲಣ್ಣ?" ಅಂದಳು ಸೊಸೆ. ಚೀಟಿಯನ್ನು ತಾನೇ ಎಳೆದುಕೊಂಡಳು.

"ಹಾಲು ಕೊಡ್ತಿದ್ದೀಯಲ್ಲ, ಮತ್ತಿನ್ನೇನು. ಮುಂದಿನವರು ಬನ್ನಿ."

ಹಿಂತಿರುಗುವ ದಾರಿಯಲ್ಲಿ ಇಬ್ಬರೂ ರಸ್ತೆಯ ಬದಿ ಹಿಡಿದು ನಡೆದರು. ಅತ್ತೆ ಖಾಲಿ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತಿಕ್ಕಿಕೊಳ್ಳುತ್ತಿದ್ದಳು. ಮೂರು ತಿಂಗಳಲ್ಲಿ ಹೆಬ್ಬೆರಳ ಬುಡದ ಮೂಲೆ ಇನ್ನಷ್ಟು ಎದ್ದಿತ್ತು. ಅದು ಹಿಂದಕ್ಕೆ ಹೋಗುವ ಮೂಲೆಯಲ್ಲ.

"ನಿಮ್ಮ ಋಣ ಹೇಗೆ ತೀರಿಸ್ಲಿ ಅತ್ತೆ?"

"ಯಾವ ಋಣ? ಎರಡು ತಿಂಗಳು ಬೈದಿದ್ದೆ. ಮೂರು ತಿಂಗಳು ಕರೆದೆ. ಬೈದಿದ್ದಕ್ಕೂ ಕರೆದಿದ್ದಕ್ಕೂ ಸರಿಹೋಯ್ತು."

"ಒಂದು ತಿಂಗಳು ಜಾಸ್ತಿ ಆಯ್ತಲ್ಲ."

ಅತ್ತೆ ನಾಲ್ಕು ಹೆಜ್ಜೆ ಯೋಚಿಸಿದಳು. "ಅದು ನನ್ನ ಓರಗಿತ್ತೀದು. ಅವಳಿಗೆ ಕೊಡಬೇಕಿತ್ತು. ಆಗ ನಂಗೆ ಗೊತ್ತಾಗಲಿಲ್ಲ."

ಮನೆ ತಲುಪಿದ ಮೇಲೆ ಅತ್ತೆ ಜಗಲಿಯ ಮೇಲೆ ಕೂತು ಮುಲಾಮಿನ ಡಬ್ಬಿ ತೆಗೆದುಕೊಂಡಳು. ಮುಚ್ಚಳ ತಿರುಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ ಡಬ್ಬಿಯನ್ನು ಪಕ್ಕಕ್ಕೆ ಇಟ್ಟಳು, ಬೇಕಿರಲಿಲ್ಲ ಎಂಬಂತೆ. ಸೊಸೆ ಕ್ಯಾನು ಇಳಿಸಿ ಬಂದು ಅವಳ ಎದುರು ಕೂತಳು. ಡಬ್ಬಿ ತೆರೆದಳು. ಅತ್ತೆಯ ಕೈಯನ್ನು ಮಡಿಲಿಗೆ ಎಳೆದುಕೊಂಡು, ಪಟ್ಟಿ ಬಿಚ್ಚಿ, ಹೆಬ್ಬೆರಳ ಬುಡದಿಂದ ಹಚ್ಚತೊಡಗಿದಳು.

"ಇದರಿಂದ ಗಂಟು ಹೋಗಲ್ಲ ಅಂತ ಅಂದಿದ್ದಾರೆ ಡಾಕ್ಟ್ರು," ಅಂದಳು ಅತ್ತೆ.

"ಗೊತ್ತು ಅತ್ತೆ," ಅಂದಳು ಸೊಸೆ, ಮತ್ತು ಹಚ್ಚುತ್ತಲೇ ಇದ್ದಳು.